ಫೋಟೊ ಬ್ಯಾಕಪ್ ಶುರುವಾದ್ರೆ ಗೇಮ್‌ನಲ್ಲಿ ಪಿಂಗ್ 400 ಯಾಕೆ ಆಗುತ್ತೆ?

ಕಾರ್ತಿಕ್ (ಪ್ರಶ್ನೆ):
ನಮ್ಮ ಮನೆ ಲೈನ್ 100 ಎಂಬಿಪಿಎಸ್ ಡೌನ್‌ಲೋಡ್, 10 ಎಂಬಿಪಿಎಸ್ ಅಪ್‌ಲೋಡ್. ಗೇಮ್‌ನಲ್ಲಿ ಪಿಂಗ್ 24 ಮಿಲಿಸೆಕೆಂಡಿನ ಆಸುಪಾಸು ಇರುತ್ತದೆ. ತಮ್ಮನ ಫೋನ್ ಫೋಟೊ, ವಿಡಿಯೊ ಬ್ಯಾಕಪ್ ಶುರು ಮಾಡಿದ ತಕ್ಷಣ 400 ದಾಟುತ್ತದೆ. ಗುರಿ ಇಟ್ಟು ಹೊಡೆಯುವಷ್ಟರಲ್ಲಿ ಎದುರಾಳಿ ಅಲ್ಲಿರುವುದೇ ಇಲ್ಲ. ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ 100 ಬರುತ್ತದೆ. ಗೇಮಿಂಗ್ ರೌಟರ್ ತಗೋಬೇಕಾ, ಇಲ್ಲಾ ಇರೋದರಲ್ಲೇ ಏನಾದರೂ ಮಾಡಬಹುದಾ? ನನ್ನ ರೌಟರ್ ಹಳೆಯದು, ಅದರಲ್ಲಿ OpenWrt ಎಂಬ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ.

ಮಂಜುನಾಥ್:
ಪ್ಲಾನ್ ಬದಲಾಯಿಸಿ. 10 ಅಪ್‌ಲೋಡ್ ಯಾವುದಕ್ಕೂ ಸಾಲಲ್ಲ. ರಸ್ತೆ ಅಗಲ ಆದರೆ ಜಾಮ್ ಇರಲ್ಲ. ಹಾಗೇ ಡಿಎನ್‌ಎಸ್ ಅನ್ನು 1.1.1.1 ಮಾಡಿ, ಪಿಂಗ್ ಇಳಿಯುತ್ತೆ.

ಇರ್ಫಾನ್:
ನನಗೂ ಇದೇ ಲ್ಯಾಗ್ ಇತ್ತು. ಗ್ರಾಫಿಕ್ಸ್ ಸೆಟ್ಟಿಂಗ್ ಕಡಿಮೆ ಮಾಡಿದೆ, ಸರಿಹೋಯ್ತು.

ಸುಮಾ (ನೆಟ್‌ವರ್ಕ್ ಇಂಜಿನಿಯರ್):
ಇರ್ಫಾನ್, ನಿಮ್ಮದು ಬೇರೆ ಕಾಯಿಲೆ. ನಿಮ್ಮ ಕಂಪ್ಯೂಟರ್ ಚಿತ್ರ ಬಿಡಿಸಲು ಏದುಸಿರು ಬಿಡುತ್ತಿತ್ತು, ಹೊರೆ ಇಳಿಸಿದಿರಿ, ಹಗುರಾಯಿತು. ಕಾರ್ತಿಕ್ ಅವರದು ಲೈನಿನ ತೊಂದರೆ. ಬ್ಯಾಕಪ್ ಶುರುವಾದಾಗ ಮಾತ್ರ ಬರುತ್ತದೆ ಎನ್ನುವುದೇ ಅದಕ್ಕೆ ಗುರುತು.

ಕಾರ್ತಿಕ್, ನಿಮ್ಮ 24 ಮತ್ತು ನಿಮ್ಮ 400 ಎರಡನ್ನೂ ಬೇರೆ ಬೇರೆ ನೋಡಬೇಕು. 24 ಎನ್ನುವುದು ದಾರಿಯ ಖರ್ಚು. ಫೈಬರ್‌ನಲ್ಲಿ ಬೆಳಕು 100 ಕಿಲೋಮೀಟರ್ ಹೋಗಿ ಬರಲು ಸುಮಾರು 1 ಮಿಲಿಸೆಕೆಂಡ್ ಬೇಕು, ಮೇಲೆ ನಡುವಿನ ಯಂತ್ರಗಳ ಸಮಯ. ಅದನ್ನು ಯಾವ ರೌಟರೂ ಇಳಿಸುವುದಿಲ್ಲ. ಸರ್ವರ್ ಹತ್ತಿರ ಇದ್ದರೆ ಮಾತ್ರ ಇಳಿಯುತ್ತದೆ. ಉಳಿದ 376 ಇದೆಯಲ್ಲ, ಅದು ಪೂರ್ತಿ ಕಾಯುವ ಸಮಯ. ಅದನ್ನು ನೀವು ಮನೆಯಲ್ಲೇ ತೆಗೆಯಬಹುದು.

ಲೆಕ್ಕ ಹಾಕೋಣ. ಒಂದು ಪೂರ್ಣ ಪ್ಯಾಕೆಟ್ 1500 ಬೈಟ್. 10 ಎಂಬಿಪಿಎಸ್ ಲೈನಿನಲ್ಲಿ ಅದು ಹೊರಗೆ ಹೋಗಲು 1.2 ಮಿಲಿಸೆಕೆಂಡ್ ಬೇಕು. ಮೋಡೆಮ್ ಒಳಗೆ ಹೊರಡಲು ಕಾದಿರುವ ಪ್ಯಾಕೆಟ್‌ಗಳಿಗೆ ಒಂದು ಬಫರ್ ಇರುತ್ತದೆ. ಅದರಲ್ಲಿ 350 ಪ್ಯಾಕೆಟ್ ಹಿಡಿಸುತ್ತದೆ ಅಂದುಕೊಳ್ಳಿ. ಬ್ಯಾಕಪ್ ಅದನ್ನು ತುಂಬಿಸಿದರೆ ಕೊನೆಯಲ್ಲಿ ನಿಂತ ಪ್ಯಾಕೆಟ್ 420 ಮಿಲಿಸೆಕೆಂಡ್ ಕಾಯಬೇಕು. ನಿಮ್ಮ ಗೇಮಿನ ಪ್ಯಾಕೆಟ್ ಪುಟ್ಟದು, ನಿಜ. ಆದರೆ ಅದೂ ಸಾಲಿನ ಕೊನೆಯಲ್ಲೇ ನಿಲ್ಲುತ್ತದೆ.

ಬ್ಯಾಕಪ್ ಯಾಕೆ ಇಷ್ಟು ತುಂಬಿಸುತ್ತದೆ? ಡೇಟಾ ಕಳಿಸುವುದನ್ನು ನಡೆಸುವ ಟಿಸಿಪಿ ಎಂಬ ಕ್ರಮ ಕೆಲಸ ಮಾಡುವುದೇ ಹಾಗೆ. ಪ್ಯಾಕೆಟ್ ಎಲ್ಲಾದರೂ ಬಿದ್ದುಹೋಗುವವರೆಗೂ ವೇಗ ಏರಿಸುತ್ತಾ ಹೋಗುತ್ತದೆ, ಬಿದ್ದರೆ ಹಿಂದೆ ಸರಿಯುತ್ತದೆ. ಬಫರ್ ದೊಡ್ಡದಾದಷ್ಟೂ ಪ್ಯಾಕೆಟ್ ಬೀಳುವುದು ತಡ, ಫೋನಿಗೆ ಸುದ್ದಿ ಮುಟ್ಟುವುದೂ ತಡ. ಅಷ್ಟರಲ್ಲಿ ಸಾಲು ಉದ್ದವಾಗಿರುತ್ತದೆ. ಇದೇ ಬಫರ್‌ಬ್ಲೋಟ್. 2010ರಲ್ಲಿ ಜಿಮ್ ಗೆಟ್ಟಿಸ್ ತಮ್ಮ ಮನೆಯ ಲೈನಿನಲ್ಲೇ ಇದನ್ನು ಹಿಡಿದು ಬರೆದ ಮೇಲೆ ಇದು ಎಲ್ಲರ ಗಮನಕ್ಕೆ ಬಂತು. ಸ್ಪೀಡ್ ಟೆಸ್ಟ್ ಇದನ್ನು ತೋರಿಸದಿರಲು ಕಾರಣವಿದೆ. ಅಲ್ಲಿ ಪಿಂಗ್ ಅಳೆಯುವುದು ಸಾಮಾನ್ಯವಾಗಿ ಲೈನ್ ಖಾಲಿ ಇರುವಾಗ. ಲೈನ್ ತುಂಬಿದಾಗಿನ ಪಿಂಗ್ ತೋರಿಸುವ ಟೆಸ್ಟ್ ಬಳಸಿ.

ಮಂಜುನಾಥ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಅದೇ 350 ಪ್ಯಾಕೆಟ್ 50 ಎಂಬಿಪಿಎಸ್ ಲೈನಿನಲ್ಲಿ 84 ಮಿಲಿಸೆಕೆಂಡಿಗೆ ಖಾಲಿಯಾಗುತ್ತದೆ, ಬ್ಯಾಕಪ್ ಕೂಡ ಬೇಗ ಮುಗಿಯುತ್ತದೆ. ಆದರೆ ನಡೆಯುತ್ತಿರುವಷ್ಟು ಹೊತ್ತು ಟಿಸಿಪಿ 50ನ್ನೂ ತುಂಬಿಸುತ್ತದೆ. ಹೊಸ ಮೋಡೆಮ್‌ನ ಬಫರ್ ಇನ್ನೂ ದೊಡ್ಡದಿದ್ದರೆ ಅದೂ ಗೋವಿಂದ. ಡಿಎನ್‌ಎಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದು ಸರ್ವರ್ ವಿಳಾಸ ಹುಡುಕಿಕೊಟ್ಟು ಸುಮ್ಮನಾಗುತ್ತದೆ, ಪಂದ್ಯದ ನಡುವೆ ಅದರ ಕೆಲಸ ಇರುವುದಿಲ್ಲ.

ಏನೂ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡು ಕಮಾಂಡ್ ಕಿಟಕಿ ತೆರೆದು ಇವೆರಡನ್ನು ಒಂದೊಂದರಲ್ಲಿ ಓಡಿಸಿ. ಮೊದಲನೆಯದರಲ್ಲಿ ನಿಮ್ಮ ರೌಟರ್‌ನ ವಿಳಾಸ ಹಾಕಿ.

```
ping -t 192.168.1.1
ping -t 8.8.8.8
```

ಈಗ ತಮ್ಮನಿಗೆ ಬ್ಯಾಕಪ್ ಶುರು ಮಾಡಲು ಹೇಳಿ. ಎರಡನೆಯದು ಮಾತ್ರ ಏರಿದರೆ ಬಫರ್‌ಬ್ಲೋಟ್. ಮೊದಲನೆಯದೂ ಏರಿದರೆ ವೈಫೈನಲ್ಲೇ ತೊಂದರೆ ಇದೆ. ಆಗ ಗೇಮ್ ಆಡುವ ಯಂತ್ರಕ್ಕೆ ಕೇಬಲ್ ಹಾಕಿ ಇನ್ನೊಮ್ಮೆ ನೋಡಿ.

ಕಾರ್ತಿಕ್:
ಮಾಡಿದೆ ಮೇಡಂ. ನಾನು ಕೇಬಲ್‌ನಲ್ಲೇ ಇದ್ದೇನೆ. ರೌಟರ್ 1 ಮಿಲಿಸೆಕೆಂಡ್‌ನಲ್ಲೇ ಇದೆ, ಹೊರಗಿನದು 24ರಿಂದ 410. ರೌಟರ್‌ನ QoS ಪುಟದಲ್ಲಿ ನನ್ನ ಕಂಪ್ಯೂಟರ್‌ಗೆ ಮೊದಲ ಆದ್ಯತೆ ಕೊಡುವುದನ್ನೂ ನೋಡಿದೆ, ಏನೂ ಬದಲಾಗಲಿಲ್ಲ.

ಸುಮಾ:
ಬದಲಾಗುವುದಿಲ್ಲ. ಸಾಲು ನಿಂತಿರುವುದು ರೌಟರ್‌ನಲ್ಲಲ್ಲ, ಅದರಾಚೆ ಮೋಡೆಮ್‌ನಲ್ಲಿ. ರೌಟರ್ ಯಾರನ್ನು ಮೊದಲು ಬಿಟ್ಟರೂ ಮೋಡೆಮ್ ಹತ್ತಿರ ಹೋಗಿ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಹಾಗಾಗಿ ಮೊದಲು ಸಾಲನ್ನು ನಿಮ್ಮ ರೌಟರ್‌ಗೆ ಎಳೆದುಕೊಳ್ಳಬೇಕು. ಅದಕ್ಕೆ ರೌಟರ್ ಲೈನಿನ ವೇಗಕ್ಕಿಂತ ಸ್ವಲ್ಪ ನಿಧಾನವಾಗಿ ಕಳಿಸಬೇಕು. ಲೈನ್ 10 ಆದರೆ ರೌಟರ್ 9 ಮಾತ್ರ ಬಿಡಲಿ. ಆಗ ಮೋಡೆಮ್‌ನಲ್ಲಿ ಏನೂ ಜಮೆಯಾಗುವುದಿಲ್ಲ. ಸಾಲು ಕೈಗೆ ಬಂದ ಮೇಲೆ ಅದನ್ನು ಜಾಣತನದಿಂದ ನಡೆಸುವ ಕೆಲಸವನ್ನು CAKE ಅಥವಾ fq_codel ಎಂಬ ಸಾಲು ನಡೆಸುವ ವಿಧಾನ ಮಾಡುತ್ತದೆ. ಇವು ಒಂದೇ ಸಾಲಿನ ಬದಲು ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಇಡುತ್ತವೆ. ಬ್ಯಾಕಪ್ ತನ್ನ ಸಾಲಿನಲ್ಲಿ ಕಾಯಲಿ, ಗೇಮಿನ ಪುಟ್ಟ ಪ್ಯಾಕೆಟ್ ತನ್ನದರಲ್ಲಿ ಬಂದು ಹೊರಟುಬಿಡುತ್ತದೆ. ಬ್ಯಾಕಪ್‌ನ ಸಾಲು ಬೆಳೆಯುತ್ತಲೇ ಇದ್ದರೆ ಬೇಗನೇ ಒಂದೆರಡು ಪ್ಯಾಕೆಟ್ ಬೀಳಿಸಿ ಫೋನಿಗೆ ಸುದ್ದಿ ಮುಟ್ಟಿಸುತ್ತವೆ.

ನಿಮ್ಮಲ್ಲಿ OpenWrt ಇರುವುದರಿಂದ ಹೊಸ ರೌಟರ್ ಬೇಡ. ಇದನ್ನೆಲ್ಲ ಮಾಡುವ SQM ಎಂಬ ಸೌಲಭ್ಯಕ್ಕೆ `luci-app-sqm` ಹಾಕಿ. SQM ಪುಟದಲ್ಲೇ ತುಂಬಬಹುದು, ಅಥವಾ `/etc/config/sqm` ಫೈಲ್‌ನಲ್ಲಿ ಹೀಗೆ ಬರೆದು `/etc/init.d/sqm restart` ಕೊಡಿ. `interface` ಸಾಲಿನಲ್ಲಿ ಮೋಡೆಮ್ ಕಡೆ ಹೋಗುವ ಪೋರ್ಟಿನ ಹೆಸರು ಬರಬೇಕು, ನಿಮ್ಮದರಲ್ಲಿ ಬೇರೆ ಇರಬಹುದು.

```
config queue
	option enabled '1'
	option interface 'wan'
	option download '90000'
	option upload '9000'
	option qdisc 'cake'
	option script 'piece_of_cake.qos'
```

ಅಂಕಿಗಳು ಕಿಲೋಬಿಟ್‌ನಲ್ಲಿವೆ. ಪ್ಲಾನ್ ಕಾಗದದಲ್ಲಿರುವ ವೇಗ ನೋಡಬೇಡಿ, ನೀವೇ ಅಳೆದ ವೇಗದ 90 ಪರ್ಸೆಂಟ್ ಹಾಕಿ. ಬ್ಯಾಕಪ್ ಓಡುವಾಗ ಪಿಂಗ್ ಇನ್ನೂ ಏರಿದರೆ ಅಪ್‌ಲೋಡ್ ಅನ್ನು 500 ಇಳಿಸಿ ನೋಡಿ. ಏರದಿದ್ದರೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಪಿಂಗ್ ಮತ್ತೆ ಏರಲು ಶುರುವಾಗುವ ಜಾಗಕ್ಕಿಂತ ಒಂದು ಹೆಜ್ಜೆ ಕೆಳಗೆ ನಿಲ್ಲಿಸಿ.

ದೀಪಾ:
ನಮ್ಮಲ್ಲಿ 5ಜಿ ರೌಟರ್ ಇದೆ. ವೇಗ ಒಮ್ಮೆ 200, ಒಮ್ಮೆ 40. ನಾನು 90 ಪರ್ಸೆಂಟ್ ಯಾವುದರ ಮೇಲೆ ಲೆಕ್ಕ ಹಾಕಲಿ?

ಸುಮಾ:
ದೀಪಾ, ಅಲ್ಲಿ ಈ ವಿಧಾನ ಅಷ್ಟು ಚೆನ್ನಾಗಿ ಕೂರುವುದಿಲ್ಲ. 180 ಇಟ್ಟರೆ ಲೈನ್ 40ಕ್ಕೆ ಬಿದ್ದಾಗ ಸಾಲು ಮತ್ತೆ ಆಚೆ ಹೋಗುತ್ತದೆ. 35 ಇಟ್ಟರೆ ಬಾಕಿ ವೇಗ ದಂಡ. cake-autorate ಎಂಬ ಸ್ಕ್ರಿಪ್ಟ್ ಇದೆ. ಅದು ಪಿಂಗ್ ನೋಡುತ್ತಾ ಈ ಅಂಕಿಯನ್ನು ಏರಿಸಿ ಇಳಿಸುತ್ತದೆ. ಅದನ್ನು ಹೊಂದಿಸಲು ತಾಳ್ಮೆ ಬೇಕು. ಅದು ಬೇಡವೆಂದರೆ ಆಡುವ ಹೊತ್ತಿಗೆ ಮಾತ್ರ ಕಡಿಮೆ ಅಂಕಿ ಇಟ್ಟುಕೊಳ್ಳಿ.

ಮಂಜುನಾಥ್:
ನನ್ನ ರೌಟರ್‌ನಲ್ಲಿ ಈ SQM ಅನ್ನೋದೇ ಇಲ್ಲ. ಬ್ಯಾಂಡ್‌ವಿಡ್ತ್ ಕಂಟ್ರೋಲ್ ಅಂತ ಒಂದು ಪುಟ ಇದೆ ಅಷ್ಟೆ.

ಸುಮಾ:
ಅದೂ ಉಪಯೋಗಕ್ಕೆ ಬರುತ್ತದೆ. ಜಾಸ್ತಿ ಅಪ್‌ಲೋಡ್ ಮಾಡುವ ಫೋನ್ ಯಾವುದೋ ಅದಕ್ಕೆ ಮಿತಿ ಹಾಕಿ. 10ರ ಲೈನ್ ಆದರೆ ಫೋನಿಗೆ 6 ಸಾಕು. ಲೈನ್ ತುಂಬದಿದ್ದರೆ ಸಾಲೂ ಇಲ್ಲ. ಆದರೆ ಇಬ್ಬರು ಒಟ್ಟಿಗೆ ಬ್ಯಾಕಪ್ ಶುರು ಮಾಡಿದರೆ ಮತ್ತೆ ತುಂಬುತ್ತದೆ.

ಕಾರ್ತಿಕ್:
ಅದ್ಭುತ! ಬ್ಯಾಕಪ್ ಓಡುತ್ತಿದ್ದರೂ ಪಿಂಗ್ 27, 28. ಆದರೆ ಈಗ ಡೌನ್‌ಲೋಡ್ 60 ದಾಟುತ್ತಿಲ್ಲ. 90 ಕೊಟ್ಟಿದ್ದೆನಲ್ಲ?

ಸುಮಾ:
ನಿಮ್ಮ ರೌಟರ್‌ನ ಪ್ರೊಸೆಸರ್ ಸುಸ್ತಾಗಿರಬೇಕು. ಈ ಕೆಲಸವನ್ನು ಪ್ರೊಸೆಸರ್ರೇ ಮಾಡಬೇಕು. ಡೌನ್‌ಲೋಡ್ ಓಡುವಾಗ ರೌಟರ್‌ನಲ್ಲಿ `top` ಕೊಟ್ಟು ನೋಡಿ. `sirq` ಎಂಬ ಅಂಕಿ 90 ದಾಟಿ, `idle` ಸೊನ್ನೆ ಹತ್ತಿರ ಇದ್ದರೆ ಅದೇ ಕಾರಣ. ಫೈರ್‌ವಾಲ್ ಪುಟದಲ್ಲಿ ಫ್ಲೋ ಆಫ್‌ಲೋಡಿಂಗ್ ಆನ್ ಮಾಡಿದರೆ ವೇಗ ವಾಪಸ್ ಬರುತ್ತದೆ ಎಂದು ಎಲ್ಲಾದರೂ ಓದಿದರೆ ಮಾಡಬೇಡಿ. ಆಗ ಪ್ಯಾಕೆಟ್‌ಗಳು SQM ಅನ್ನು ತಪ್ಪಿಸಿಕೊಂಡು ಹೋಗಬಹುದು, ಮತ್ತೆ 400 ಕಾಣುತ್ತೀರಿ.

`cake` ಬದಲು `fq_codel`, ಸ್ಕ್ರಿಪ್ಟ್ `simple.qos` ಹಾಕಿ ನೋಡಿ, ಅದು ಕೊಂಚ ಹಗುರ. ಅದೂ ಸಾಲದಿದ್ದರೆ ಡೌನ್‌ಲೋಡ್‌ಗೆ `0` ಕೊಡಿ. ಆಗ ಆ ಕಡೆ ಏನೂ ಹಿಡಿಯುವುದಿಲ್ಲ, ಅಪ್‌ಲೋಡ್ ಮಾತ್ರ ಹಿಡಿಯುತ್ತದೆ. ನಿಮ್ಮ ತೊಂದರೆ ಇರುವುದು ಅಪ್‌ಲೋಡ್‌ನಲ್ಲೇ ಆದ್ದರಿಂದ ನನಗೆ ಇದೇ ಸರಿ ಅನ್ನಿಸುತ್ತದೆ. ಯಾರಾದರೂ ದೊಡ್ಡ ಗೇಮ್ ಡೌನ್‌ಲೋಡ್ ಮಾಡಿದಾಗ ಪಿಂಗ್ ಎಷ್ಟಾಗುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ.

ಕಾರ್ತಿಕ್:
ಡೌನ್‌ಲೋಡ್ 0 ಮಾಡಿದೆ, ವೇಗ ಪೂರ್ತಿ ಬಂತು. ಡೌನ್‌ಲೋಡ್ ನಡೆಯುವಾಗ ಪಿಂಗ್ 45, ನಡೆಯುತ್ತೆ. ಇನ್ನೊಂದೇ ಉಳಿದಿದೆ. ರಾತ್ರಿ 9ರ ಮೇಲೆ ಮನೆಯಲ್ಲಿ ಯಾರೂ ನೆಟ್ ಬಳಸದಿದ್ದರೂ ಪಿಂಗ್ 25, 26, 71, 24, 88 ಹೀಗೆ ಕುಣಿಯುತ್ತದೆ.

ಸುಮಾ:
ಇದು ಜಿಟರ್. ಒಂದೇ ಸಮ 60 ಇದ್ದರೆ ಗೇಮ್ ಅದಕ್ಕೆ ಹೊಂದಿಕೊಳ್ಳುತ್ತದೆ. ಎದುರಾಳಿ ಇಷ್ಟು ಹೊತ್ತಿಗೆ ಎಲ್ಲಿರುತ್ತಾನೆ ಎಂದು ಅಂದಾಜು ಮಾಡಿ ತೋರಿಸುತ್ತದೆ. 25, 88 ಎಂದು ಕುಣಿದರೆ ಅಂದಾಜು ತಪ್ಪುತ್ತದೆ, ಆಟಗಾರ ಇಲ್ಲಿಂದ ಅಲ್ಲಿಗೆ ಜಿಗಿದಂತೆ ಕಾಣುತ್ತಾನೆ. ನನ್ನನ್ನು ಕೇಳಿದರೆ ಸರಾಸರಿ ಪಿಂಗ್‌ಗಿಂತ ಇದರ ಮೇಲೆ ಕಣ್ಣಿಡುವುದು ಮುಖ್ಯ.

ನಿಮ್ಮ ಲೈನ್ ಖಾಲಿ ಇದ್ದೂ ಹೀಗಾದರೆ ಸಾಲು ಹೊರಗೆಲ್ಲೋ ಇದೆ, ನಿಮ್ಮ SQM ಅಲ್ಲಿಗೆ ಮುಟ್ಟುವುದಿಲ್ಲ. ದಾರಿಯ ಒಂದೊಂದು ಯಂತ್ರದ ಸಮಯವನ್ನು ಒಂದೊಂದು ಸಾಲಿನಲ್ಲಿ ತೋರಿಸುವ `tracert 8.8.8.8` ಅನ್ನು ಹಗಲು ಒಮ್ಮೆ, ರಾತ್ರಿ ಒಮ್ಮೆ ಓಡಿಸಿ ಎರಡನ್ನೂ ಉಳಿಸಿಕೊಳ್ಳಿ. ನಡುವಿನ ಒಂದೇ ಸಾಲಿನಲ್ಲಿ ಅಂಕಿ ಜಾಸ್ತಿ ಇದ್ದು ಮುಂದಿನವು ಸರಿಯಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಎಷ್ಟೋ ಯಂತ್ರಗಳು ಇಂಥ ಪ್ರಶ್ನೆಗೆ ನಿಧಾನವಾಗಿ ಉತ್ತರಿಸುತ್ತವೆ. ಒಂದು ಕಡೆ ಏರಿ ಕೊನೆಯವರೆಗೂ ಏರಿಯೇ ಇದ್ದರೆ ಅದೇ ಜಾಗ. ಎರಡೂ ಪಟ್ಟಿ ಹಿಡಿದು ಇಂಟರ್‌ನೆಟ್ ಕೊಟ್ಟವರಿಗೆ ದೂರು ಕೊಡಿ. ಅವರು ಸರಿಮಾಡುತ್ತಾರಾ ಎಂದು ನಾನು ಹೇಳಲಾರೆ. ಇಲ್ಲಿ ಹಾಕಿದರೆ ಎಲ್ಲಿ ಏರುತ್ತಿದೆ ಅಂತ ನಾನೂ ನೋಡುತ್ತೇನೆ.

ಕಾರ್ತಿಕ್:
ಇವತ್ತು ರಾತ್ರಿ ಓಡಿಸಿ ಹಾಕ್ತೀನಿ ಮೇಡಂ.