ಅಪ್‌ಡೇಟ್: ಇನ್‌ಸ್ಟಾಗ್ರಾಂ ಜಾಹೀರಾತು ನಿಲ್ಲಿಸಲಿಲ್ಲ

ನನ್ನ ಪ್ರಶ್ನೆ: "ದಾವಣಗೆರೆಯ ನಮ್ಮ ಸೀರೆ ಅಂಗಡಿಯ ವರದಿಯಲ್ಲಿ 60 ಆರ್ಡರ್ ಇವೆ, ಇನ್‌ಸ್ಟಾಗ್ರಾಂ ಲೆಕ್ಕಕ್ಕೆ ಬರೀ 6. ಆ ಜಾಹೀರಾತು ನಿಲ್ಲಿಸಲಾ?"

ಸದ್ಯಕ್ಕೆ ನಿಲ್ಲಿಸಲಿಲ್ಲ. ಅದು ಲಾಸ್ಟ್ ಕ್ಲಿಕ್ ಲೆಕ್ಕ, ಅಂದರೆ ಖರೀದಿಗೆ ಮುಂಚಿನ ಕೊನೆಯ ಕ್ಲಿಕ್‌ಗೇ ಇಡೀ ಆರ್ಡರ್ ಸೇರಿಸುತ್ತದೆ. ಸರ್ಚ್ ಜಾಹೀರಾತಿನ ಖಾತೆಗೆ ಬಿದ್ದ ಆರ್ಡರ್‌ಗಳಲ್ಲಿ ಜನ ಏನು ಹುಡುಕಿದ್ದರು ಅಂತ ನೋಡಿದೆ. ಹೆಚ್ಚಿನವರು ಅಂಗಡಿಯ ಹೆಸರನ್ನೇ ಟೈಪ್ ಮಾಡಿದ್ದಾರೆ! ಹೆಸರು ಮೊದಲೇ ಗೊತ್ತಿತ್ತು, ಅಲ್ವಾ?

ಗೂಗಲ್‌ನ ವೆಬ್‌ಸೈಟ್ ಲೆಕ್ಕದ ಸಾಧನ GA4, ಮೊದಲ ಕ್ಲಿಕ್‌ಗೆ ಆರ್ಡರ್ ಸೇರಿಸುವ ಫಸ್ಟ್ ಕ್ಲಿಕ್ ಮಾದರಿಯನ್ನು 2023ರಲ್ಲೇ ತೆಗೆದಿದೆ. ಹಾಗಾಗಿ User acquisition ವರದಿಯಲ್ಲಿ, ಗ್ರಾಹಕರು ಮೊದಲ ಸಲ ಎಲ್ಲಿಂದ ಬಂದರು ಅಂತ ತೋರಿಸುವ First user source / medium ನೋಡಿದೆ: ಇನ್‌ಸ್ಟಾಗ್ರಾಂ 25. ಇದೂ ಪೂರ್ತಿ ಸರಿಯಲ್ಲ. ರೀಲ್ ನೋಡಿ ಕ್ಲಿಕ್ ಮಾಡದವರು ಇದರಲ್ಲಿ ಸಿಗುವುದಿಲ್ಲ.

ಆರ್ಡರ್‌ಗೆ ಮುಂಚಿನ ಕ್ಲಿಕ್‌ಗಳಿಗೆ ಪಾಲು ಹಂಚುವ ಡೇಟಾ ಡ್ರಿವನ್ ಮಾದರಿ 15 ಅಂದಿತು. ಇಷ್ಟು ಕಡಿಮೆ ಆರ್ಡರ್‌ಗೆ ಅದನ್ನು ಜಾಸ್ತಿ ನಂಬಲಾರೆ. ಈಗ ಚಿತ್ರದುರ್ಗದಲ್ಲಿ ಮಾತ್ರ ಇನ್‌ಸ್ಟಾಗ್ರಾಂ ನಿಲ್ಲಿಸಿದ್ದೇನೆ. ಅಲ್ಲಿ ಅಂಗಡಿಯ ಹೆಸರು ಹುಡುಕುವವರೂ ಕಡಿಮೆಯಾದರೆ, ಅವರನ್ನು ಕರೆತರುತ್ತಿದ್ದುದು ಇನ್‌ಸ್ಟಾಗ್ರಾಂ ಅಂತ ಉತ್ತರ ಸಿಕ್ಕಂತೆ.