ಮುಂಜಾನೆ ಬಫೆ: ಎಷ್ಟು ಮಾಡಬೇಕು, ಹೆಂಗ ಇಡಬೇಕು?

ಕೇಳಿದವರು, ಹುಬ್ಬಳ್ಳಿ: "ನಮ್ಮದು 28 ರೂಮಿನ ಲಾಡ್ಜ್ ಐತ್ರಿ. ಮುಂದಿನ ತಿಂಗಳಿಂದ ಮುಂಜಾನೆ 7ರಿಂದ 10ರ ತನಕ ನಾಷ್ಟಾ ಬಫೆ ಇಡಬೇಕಂತ ಮಾಡೇವಿ. ಎಷ್ಟು ಮಾಡಬೇಕು, ಬಿಸೀದು ತಣ್ಣಂದು ಕೆಡದಂಗ ಹೆಂಗ ಇಡಬೇಕು? ಅನುಭವ ಇದ್ದವರು ಹೇಳ್ರಿ."

ಧಾರವಾಡ, ಹೊಟೇಲ್ ಅಡಗಿ ಮನಿ: ಮೊದಲ ವಾರದಾಗ ನಾ ಕೈ ಸುಟ್ಟಕೊಂಡೇನ್ರಿ. ಅವತ್ತ 52 ಮಂದಿ ಇದ್ರು. ಕಡಿಮಿ ಬಿದ್ರ ಮರ್ಯಾದಿ ಹೋಗತೈತಿ ಅಂತ 5 ಕೆಜಿ ರವಾದ್ದು ಒಮ್ಮೆಲೇ ಉಪ್ಪಿಟ್ಟು ಮಾಡಿಸಿದೆ. ಅದು ನೀರು ಕುಡದು 15 ಕೆಜಿ ದಾಟಿತು. ಬಾಜೂಕ ಇಡ್ಲಿ, ವಡಾ, ಅವಲಕ್ಕಿ ಇದ್ದಾಗ ಉಪ್ಪಿಟ್ಟು ಯಾರೂ ಹೊಟ್ಟಿ ತುಂಬ ತಿನ್ನಂಗಿಲ್ಲ. 9 ಕೆಜಿ ಉಳೀತು. ಮೂರು ದಿನ ಹಿಂಗ ಆದಮ್ಯಾಲ ದಿನಾ 10 ಗಂಟೇಕ ಉಳಿದದ್ದನ್ನ ತೂಕ ಮಾಡಿ ಗ್ವಾಡಿ ಮ್ಯಾಲ ಬರಿಯಾಕ ಹತ್ತಿದೆ. ಅಷ್ಟ ಮಂದಿಗೆ 2 ಕೆಜಿ ರವಾ ಸಾಕಾತು. ಅದನ್ನೂ ಒಮ್ಮೆ ಮಾಡಂಗಿಲ್ಲ. ರವಾ ಹುರದು ಇಟ್ಟಿರತೇವಿ. ಏಳಕ್ಕ 1 ಕೆಜಿ, ಎಂಟೂಕಾಲಿಗೆ ಇನ್ನೊಂದು. ಟ್ರೇದಾಗ ಮೂರನೇ ಒಂದು ಪಾಲು ಉಳಿದಾಗ ಒಳಗ ಕೂಗಬೇಕು. ಖಾಲಿ ಆದಮ್ಯಾಲ ಕೂಗಿದ್ರ ನೀರು ಕುದಿಯೂತನ ಗಿರಾಕಿ ಪ್ಲೇಟ್ ಹಿಡಕೊಂಡು ನಿಂತಿರತಾರ. ಮರುದಿನ ಎಷ್ಟು ಮಂದಿ ಅಂತ ರಾತ್ರಿ ರಜಿಸ್ಟರ್ ನೋಡುವಾಗ ನಸಿಕಲೇ ರೈಲಿಗೆ ಹೋಗೋರನ್ನ ಲೆಕ್ಕದಾಗಿಂದ ಕಳೀರಿ.

ಹಾವೇರಿ, ಕ್ಯಾಟರಿಂಗ್: 600 ಮಂದಿ ಮದುವಿ ಊಟಾ ಮಾಡಿಸಿದವ ನಾನು. 52 ಮಂದಿಗೆ ತಕ್ಕಡಿ ಯಾಕ್ರಿ? ಅಂದಾಜು ಕೈಯಾಗ ಇರಬೇಕು. ಒಮ್ಮೆ ಬೀಗರ ಕಡೆಯವರು 80 ಮಂದಿ ಜಾಸ್ತಿ ಬಂದ್ರು, ನಾ ಒಂದು ತುತ್ತೂ ಕಡಿಮಿ ಬೀಳಗೊಡಲಿಲ್ಲ. ಬಿಸಿ ಇಡೂದು ಸಸಾರ. ಆರಕ್ಕ ಚೇಫಿಂಗ್ ಡಿಶ್ ಹಚ್ಚಿ ಫ್ರಿಜ್ಜಿನ ಪಲಾವ್ ಹಾಕಿಬಿಡ್ರಿ, ಎಂಟಕ್ಕ ಹಬಿ ಬರತೈತಿ. ಕಡಿಮಿ ಆದಂಗ ಮ್ಯಾಲಿಂದ ಸುರಕೋತ ಹೋಗ್ರಿ.

ಗದಗ, ಲಾಡ್ಜ್ ನಡಸಾಕಿ: ಅಣ್ಣಾರ, ಇದನ್ನ ಓದಿ ಯಾರರ ಮಾಡಿಬಿಟ್ಟಾರಂತ ಹೆದರಿಕಿ ಆಗತೈತಿ. ನಾ ಹಿಂಗ ಮಾಡೇ ಕೆಟ್ಟೇನಿ. ಆ ಡಿಶ್ ಬಿಸಿ ಇದ್ದದ್ದನ್ನ ಬಿಸಿ ಇಡತೈತಿ, ತಣ್ಣಂದನ್ನ ಕಾಸಂಗಿಲ್ಲ. ಹಬಿ ಬರೂದು ಕೆಳಗಿನ ನೀರಿಂದು. ನಮ್ಮಲ್ಲಿ ಎರಡು ತಾಸು ಉಗುರುಬೆಚ್ಚಗ ಕುಂತ ಪಲಾವ್ ತಿಂದು ಇಬ್ಬರು ವಾಂತಿ ಮಾಡಿಕೊಂಡ್ರು. ಎರಡು ರೂಮಿನ ಬಾಡಿಗಿ ವಾಪಸ್, ಡಾಕ್ಟರ್ ಖರ್ಚು ನಮ್ಮದು, ಅವರನ್ನ ಕಳಿಸಿದ ಕಂಪನಿಯವರು ಮತ್ತ ಬರಲಿಲ್ಲ. ಅನ್ನದಾಗ ಹುಟ್ಟೂ ವಿಷ ಆಮ್ಯಾಲ ಎಷ್ಟು ಕಾಸಿದ್ರೂ ಹೋಗಂಗಿಲ್ಲ.

ಈಗ ಕೆಳಗಿನ ತಟ್ಟಿಗೆ ಕುದಿಯೂ ನೀರ ಹಾಕತೇನಿ, ಒಲಿ ಮ್ಯಾಲಿಂದ ಇಳಿಸಿದ್ದನ್ನ ಸೀದಾ ಇಡತೇನಿ. ಅರ್ಧ ತಾಸಿಗೊಮ್ಮೆ ಸೂಜಿ ಥರ್ಮಾಮೀಟರ್ ಟ್ರೇ ನಡುವ ಚುಚ್ಚತೇನಿ. ಒಂದಿನ ಅಂಚಿಗೆ 66 ಇತ್ತು, ನಡುವ 51. ಟ್ರೇ ಗುಡ್ಡದಂಗ ತುಂಬಿದ್ದಕ್ಕ. 60ಕ್ಕಿಂತ ಕೆಳಗ ಬಂದ್ರ ಒಳಗ ಒಯ್ದು ಒಲಿ ಮ್ಯಾಲ ಕಾಸೂದು. ಹಳೇದರ ಮ್ಯಾಲ ಹೊಸಾದು ಸುರವಂಗಿಲ್ಲ, ಟ್ರೇನ ಬದಲಿ. ಏಳರ ಉಪ್ಪಿಟ್ಟು ತಳದಾಗ ಹತ್ತರ ತನಕ ಕುಂತ್ರ ಯಾರಿಗೆ ಗೊತ್ತಾಗತೈತಿ?

ಹಾವೇರಿ, ಕ್ಯಾಟರಿಂಗ್: 22 ವರ್ಷದಾಗ ನನ್ನ ಕೈ ಊಟಾ ಉಂಡು ಒಬ್ಬರೂ ಬಿದ್ದಿಲ್ಲ ಅಕ್ಕಾರ. ನಿಮ್ಮ ಪಲಾವ್ ರಾತ್ರೀನ ಕೆಟ್ಟಿರಬೇಕು.

ಗದಗ, ಲಾಡ್ಜ್ ನಡಸಾಕಿ: ಹೌದು, ರಾತ್ರಿ ದೊಡ್ಡ ಬೋಗಾಣಿಯಾಗ ಹಂಗ ಫ್ರಿಜ್ಜಿಗೆ ಇಟ್ಟಿದ್ವಿ, ನಡುವ ತಣ್ಣಗ ಆಗಿರಲಿಲ್ಲ. ಅದೂ ನಮ್ಮ ತಪ್ಪು. ನಿಮ್ಮ ಮದುವಿ ಊಟಾ ಒಲಿಯಿಂದ ಎಲಿಗೆ ಹೋಗತೈತಿ. ನಮ್ಮದು ಮೂರು ತಾಸು ಕುಂದರತೈತಿ.

ಹುಬ್ಬಳ್ಳಿ, ಸರ್ವಿಸ್ ಹುಡುಗ: ತಣ್ಣಂದರ ಬಗ್ಗೆ ಯಾರೂ ಹೇಳವಲ್ರಿ. ಬರಫಿನ ಮ್ಯಾಲ ಬಟ್ಟಲಾ ಇಟ್ರ ತಳ ಅಷ್ಟ ತಣ್ಣಗ. ಬಟ್ಟಲದ ಕೊರಳತನ ಬರಫ ಇರಬೇಕು, ಮಸರು ಫ್ರಿಜ್ಜಿಂದ 5 ಡಿಗ್ರಿಯೊಳಗ ಇದ್ದಾಗನ ಹೊರಗ ಬರಬೇಕು. ಕೊಬ್ಬರಿ ಚಟ್ನಿ ನಾವು ಎರಡು ಸಲ ರುಬ್ಬತೇವಿ. ಏಳರದ್ದು ಒಂಬತ್ತಕ್ಕ ಚೆಲ್ಲತೇವಿ.

ಧಾರವಾಡ, ಹೊಟೇಲ್ ಅಡಗಿ ಮನಿ: ಒಂಬತ್ತಕ್ಕ ಚೆಲ್ಲತೀರಿ? ಕೊಬ್ಬರಿ ರೇಟ್ ನೋಡೀರೇನು! ಬರಫಿನಾಗ ಇದ್ರ ಹತ್ತರ ತನಕ ನಡೀತೈತಿ.

ಹುಬ್ಬಳ್ಳಿ, ಸರ್ವಿಸ್ ಹುಡುಗ: ಏಪ್ರಿಲ್‌ನಾಗ ಕರೆಂಟ್ ಹೋದಾಗ ಎಂಟೂವರಿಗೇ ನಮ್ಮ ಚಟ್ನಿ ಹುಳಿ ವಾಸನಿ ಬಂದಿತ್ರಿ ಸರ. ಬರಫ ನೀರಾಗಿ ಬಟ್ಟಲಾ ತೇಲಾಕ ಹತ್ತಿತ್ತು.

ಹಾವೇರಿ, ಕ್ಯಾಟರಿಂಗ್: ಚಟ್ನಿ ಬಿಡ್ರಿ, ಶೇಂಗಾ ಹಿಂಡಿ ಇಡ್ರಿ, ಬರಫನ ಬ್ಯಾಡ. ಜೋಡಿ ಗಿರ್ಮಿಟ್ ಇರಲಿ.

ಗದಗ, ಲಾಡ್ಜ್ ನಡಸಾಕಿ: ಹಿಂಡಿ ಮಾತು ಒಪ್ಪಿದೆ. ಗಿರ್ಮಿಟ್ ಬಫೆದಾಗ ಬ್ಯಾಡ, ಹತ್ತು ನಿಮಿಷಕ್ಕ ಚುರಮುರಿ ಮೆತ್ತಗ ಆಗತಾವ.

ಹಾವೇರಿ, ಕ್ಯಾಟರಿಂಗ್: ನಿಮ್ಮ ಗದಗಿನ ಕೈಯಾಗ ಆಗತಾವ. ನಾ ಎದುರಿಗೇ ಕಲಸಿ ಕೊಡತೇನಿ.

ಕೇಳಿದವರು, ಹುಬ್ಬಳ್ಳಿ: ಅಕ್ಕಾರ, ಸೂಜಿ ಥರ್ಮಾಮೀಟರ್ ಒಂದು ಟ್ರೇದಾಗಿಂದ ಇನ್ನೊಂದಕ್ಕ ಹಾಕೂಮುಂದ ತೊಳಕೋಬೇಕೇನ್ರಿ?

ಗದಗ, ಲಾಡ್ಜ್ ನಡಸಾಕಿ: ತೊಳೀಲೇಬೇಕು, ತೊಳದು ಸ್ಯಾನಿಟೈಸರ್‌ಲೆ ಒರಸ್ರಿ. ತಿಂಗಳಿಗೊಮ್ಮೆ ಬರಫದ ನೀರಿನ ಗ್ಲಾಸಿನಾಗ ಅದ್ದಿ ನೋಡ್ರಿ, ಸೊನ್ನಿ ತೋರಿಸಬೇಕು. ನನ್ನ ಮೊದಲನೇದು 4 ತೋರಿಸತಿತ್ತು.