ಬಸುರಿಯಲ್ಲಿ ಸಲಾಡ್, ಬೀದಿಬದಿ ತಿಂಡಿ: ತೊಳೆಯೋದು ಹೇಗೆ, ಬಿಡೋದು ಯಾವುದು?

ಕೇಳಿದವರು: ನನಗೀಗ ಐದನೇ ತಿಂಗಳು. ಹಸಿ ತರಕಾರಿ ಸಲಾಡ್ ತಿನ್ನಬೇಕು ಅಂತ ಬಹಳ ಆಸೆ. ಉಪ್ಪುನೀರಲ್ಲಿ ನೆನೆಸಿ ತೊಳೆದರೆ ಸಾಕಾ? ಬೀದಿಬದಿ ತಿಂಡಿ ಪೂರ್ತಿ ಬಿಡಲೇಬೇಕಾ? ಮಾಂಸ ಮುಟ್ಟೋದಿಲ್ಲ, ಹಾಗಾಗಿ ನನಗೆ ಅಪಾಯ ಕಡಿಮೆ ಅಂದುಕೊಂಡಿದ್ದೀನಿ. ಗೊತ್ತಿರೋರು ಹೇಳಿ.

ನೆಲ್ಲಿಕಾಯಿ: ಉಪ್ಪುನೀರು ಸಾಕು ಅಕ್ಕ. ಬೆಚ್ಚಗಿನ ನೀರಿಗೆ ಎರಡು ಚಮಚ ಉಪ್ಪು ಹಾಕಿ, ಎಲ್ಲಾ ತರಕಾರಿ ಅರ್ಧ ಗಂಟೆ ಮುಳುಗಿಸಿಡಿ, ಕ್ರಿಮಿ ಎಲ್ಲ ಸತ್ತುಹೋಗುತ್ತೆ. ಹೊರಗಿನ ತಿಂಡಿ ಮಾತ್ರ ಒಂದೂ ಬೇಡ. ತೀರಾ ಬಾಯಾರಿದರೆ ಹಣ್ಣಿನ ಜ್ಯೂಸ್ ಕುಡೀಬಹುದು, ಅದು ಹಣ್ಣು ತಾನೇ.

ಲ್ಯಾಬ್‌ಕೋಟು: ಉಪ್ಪುನೀರಿಗೆ ಎಲೆಯ ಹಿಂದೆ ಕೂತ ಹುಳು ಬಿಟ್ಟುಬರುತ್ತೆ, ಅಷ್ಟು ನಿಜ. ಬ್ಯಾಕ್ಟೀರಿಯಾಗೆ ಅದು ಏನೂ ಅಲ್ಲ. ಬಸುರಿಯಲ್ಲಿ ನಾವು ಹೆಚ್ಚು ಹೆದರುವ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ನೂರಕ್ಕೆ ಹತ್ತು ಪಾಲು ಉಪ್ಪಿದ್ದರೂ ಬೆಳೆಯಬಲ್ಲದು. ಎರಡು ಚಮಚ ಅದರ ಹತ್ತಿರಕ್ಕೂ ಬರೋದಿಲ್ಲ. ಇನ್ನು ಅರ್ಧ ಗಂಟೆ ಒಂದೇ ಪಾತ್ರೆಯಲ್ಲಿ ಮುಳುಗಿಸಿಟ್ಟರೆ, ಕ್ಯಾರೆಟ್ಟಿನ ಮಣ್ಣು ಟೊಮ್ಯಾಟೊಗೆ, ಕೊತ್ತಂಬರಿಯ ಮಣ್ಣು ಸೌತೆಕಾಯಿಗೆ. ಒಂದರಲ್ಲಿದ್ದ ಕೊಳೆ ಎಲ್ಲಕ್ಕೂ ಹಂಚಿಕೆಯಾಗುತ್ತೆ.

ಮಾಂಸ ತಿನ್ನದವರಿಗೆ ಅಪಾಯ ಕಡಿಮೆ ಅನ್ನೋದನ್ನೂ ಬಿಡಿ. ಲಿಸ್ಟೀರಿಯಾ ಮಣ್ಣಲ್ಲೇ ಇರುತ್ತೆ. 2011ರಲ್ಲಿ ಅಮೆರಿಕದಲ್ಲಿ 147 ಜನ ಇದರಿಂದ ಕಾಯಿಲೆ ಬಿದ್ದು 33 ಜನ ಸತ್ತರು, ಒಂದು ಗರ್ಭಪಾತವೂ ಆಯಿತು. ತಂದದ್ದು ಮಾಂಸ ಅಲ್ಲ, ಕರ್ಬೂಜ ಹಣ್ಣು. ಸಿಪ್ಪೆಯ ಮೇಲೆ ಕೂತದ್ದು ಕೊಯ್ಯುವಾಗ ಚಾಕುವಿನ ಜೊತೆ ತಿರುಳಿಗೆ ಇಳಿಯುತ್ತೆ. ಅದಕ್ಕೇ ಸಿಪ್ಪೆ ತೆಗೆಯುವ ತರಕಾರಿಯನ್ನೂ ಮೊದಲು ತೊಳೆದು ಆಮೇಲೆ ಹೆರೆಯಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ನಡೆಯೋದು ಇದರ ಉಲ್ಟಾ.

ಬಾಣಲೆ: ಕ್ಯಾಂಟೀನ್ ಅಡುಗೆಮನೆಯಲ್ಲಿ ಹೊಸಬರಿಗೆ ಕಲಿಸುವ ಕ್ರಮ ಹೇಳ್ತೀನಿ. ಒಂದು ಸೌತೆಕಾಯಿ, ಎರಡು ಟೊಮ್ಯಾಟೊ, ಒಂದು ಕ್ಯಾರೆಟ್, ಸ್ವಲ್ಪ ಲೆಟಿಸ್, ಒಂದು ಹಿಡಿ ಕೊತ್ತಂಬರಿ ಇದೆ ಅಂದುಕೊಳ್ಳಿ. ಮೊದಲು ಸೋಪು ಹಾಕಿ 20 ಸೆಕೆಂಡ್ ಕೈ ತೊಳೀರಿ, ಆಮೇಲೆ ಸಿಂಕ್ ಉಜ್ಜಿ ತೊಳೀರಿ. ಸಿಂಕೇ ಕೊಳಕಾಗಿದ್ದರೆ ಮುಂದಿನದ್ದೆಲ್ಲ ದಂಡ.

ಗಟ್ಟಿ ತರಕಾರಿಯಿಂದ ಶುರು ಮಾಡಿ. ಕ್ಯಾರೆಟ್, ಸೌತೆಕಾಯಿಯನ್ನು ಹರಿಯುವ ನೀರಿನ ಕೆಳಗೆ ಹಿಡಿದು, ತರಕಾರಿಗೇ ಅಂತ ಇಟ್ಟುಕೊಂಡ ಬ್ರಷ್‌ನಿಂದ ಅರ್ಧ ನಿಮಿಷ ಉಜ್ಜಿ. ಕೆಲಸ ಮಾಡೋದು ಆ ಉಜ್ಜಾಟ, ನೀರು ಬರೀ ಹೊತ್ತುಕೊಂಡು ಹೋಗುತ್ತೆ. ಕ್ಯಾರೆಟ್ಟಿನ ತೊಟ್ಟಿನ ಕಡೆ ಒಂದು ಸೆಂಟಿಮೀಟರ್ ಕತ್ತರಿಸಿ ಬಿಸಾಡಿ, ಆ ಸಂದಿಗೆ ಬ್ರಷ್ ಹೋಗೋದಿಲ್ಲ. ಆಮೇಲೆ ಸಿಪ್ಪೆ ಹೆರೆದು ಇನ್ನೊಮ್ಮೆ ನೀರು ತೋರಿಸಿ.

ಟೊಮ್ಯಾಟೊ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಹಣ್ಣು ಬೆಚ್ಚಗಿದ್ದು ನೀರು ತಣ್ಣಗಿದ್ದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗುರುತಿನ ಮೂಲಕ ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ನೀರಲ್ಲಿದ್ದದ್ದೂ ಜೊತೆಗೇ ಹೋಗುತ್ತೆ, ಒಳಗೆ ಹೋದದ್ದನ್ನು ತೊಳೆಯೋಕೆ ಆಗೋದಿಲ್ಲ. ಹಾಗಾಗಿ ಟೊಮ್ಯಾಟೊ ಮುಳುಗಿಸಲೇಬೇಡಿ. ಹಣ್ಣಿಗಿಂತ ತಣ್ಣಗಿರದ ನೀರನ್ನು ಮೇಲಿಂದ ಬಿಟ್ಟು ಬೆರಳಲ್ಲಿ ಉಜ್ಜಿ, ತೊಟ್ಟಿನ ಭಾಗ ಕುಳಿಯಾಗಿ ತೆಗೆದುಬಿಡಿ.

ಲೆಟಿಸ್ ಹೊರಗಿನ ಎರಡು ಪದರ ಬಿಸಾಡಿ. ಉಳಿದ ಎಲೆಗಳನ್ನು ಕತ್ತರಿಸುವ ಮೊದಲೇ ಒಂದೊಂದಾಗಿ ಬಿಡಿಸಿ, ಎರಡೂ ಬದಿ ನೀರು ಬಿಟ್ಟು ಬುಡದ ಮಡಿಕೆ ಉಜ್ಜಿ. ಕೊತ್ತಂಬರಿಗೆ ಬೇರು ಕತ್ತರಿಸಿ, ಅಗಲ ಪಾತ್ರೆಯಲ್ಲಿ ಅಲ್ಲಾಡಿಸಿ, ಸೊಪ್ಪನ್ನು ಮೇಲೆತ್ತಿ. ನೀರನ್ನು ಸೊಪ್ಪಿನ ಸಮೇತ ಜರಡಿಗೆ ಸುರಿದರೆ ತಳಕ್ಕೆ ಕೂತ ಮರಳು ಮತ್ತೆ ಸೊಪ್ಪಿನ ಮೇಲೇ ಬೀಳುತ್ತೆ. ಪಾತ್ರೆಯ ತಳದಲ್ಲಿ ಮರಳಿನ ಕಣ ಕಾಣದವರೆಗೆ ನೀರು ಬದಲಿಸಿ, ಸಾಮಾನ್ಯವಾಗಿ ಮೂರು ಸಲ ಬೇಕಾಗುತ್ತೆ. ಕೊನೆಯ ನೀರು ಕುಡಿಯುವ ನೀರೇ ಆಗಿರಲಿ. ಕೊನೆಗೆ ಒಣ ಬಟ್ಟೆಯಲ್ಲಿ ಒತ್ತಿ ತೇವ ತೆಗೀರಿ, ಒದ್ದೆ ಎಲೆಯಲ್ಲಿ ಉಳಿದದ್ದು ಬೇಗ ಹೆಚ್ಚುತ್ತೆ. ಪಾತ್ರೆ ತೊಳೆಯುವ ಸೋಪು ತರಕಾರಿಗೆ ಬೇಡ, ಅದು ಹೀರಿಕೊಂಡು ಉಳಿಯುತ್ತೆ.

ತೋಟದಬೇಲಿ: ಇಷ್ಟೆಲ್ಲ ಯಾಕೆ? ಅಡುಗೆ ಸೋಡಾ ಬಳಸಿ. ಒಂದು ಲೀಟರ್ ನೀರಿಗೆ 10 ಗ್ರಾಂ, 15 ನಿಮಿಷ. ಔಷಧಿ ಹೊಡೆದದ್ದೆಲ್ಲ ಹೋಗುತ್ತೆ. ನಮ್ಮದು ಮನೆ ಹಿಂದಿನ ತೋಟದ್ದೇ ಸೊಪ್ಪು, ಅದಕ್ಕೆ ಔಷಧಿಯೇ ಹೊಡೆಯಲ್ಲ, ಸುಮ್ಮನೆ ನೀರಲ್ಲಿ ಅದ್ದಿ ತಿಂತೀವಿ.

ಲ್ಯಾಬ್‌ಕೋಟು: ನೀವು ಹೇಳ್ತಿರೋದು ಕೀಟನಾಶಕದ ಮಾತು, ಇವರು ಕೇಳಿದ್ದು ಹೊಟ್ಟೆಯ ಸೋಂಕು. ಸೋಡಾ ಸಿಪ್ಪೆಯ ಮೇಲಿನ ಕೆಲವು ಔಷಧಿಗಳನ್ನು ಒಡೆಯುತ್ತೆ, ಒಳಗೆ ಇಳಿದದ್ದನ್ನಲ್ಲ. ಅದನ್ನು ನಂಬಿ ಬ್ಯಾಕ್ಟೀರಿಯಾ ಹೋಯಿತು ಅಂದುಕೊಳ್ಳೋಕಾಗಲ್ಲ. ತೋಟದ ಸೊಪ್ಪು ಅಂದರೆ ನನಗೆ ಬೇರೆ ಹೆದರಿಕೆ: ಬೆಕ್ಕು. ಬೆಕ್ಕಿನ ಹೇಲು ಬಿದ್ದ ಮಣ್ಣಲ್ಲಿ ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಜೀವಿ ತಿಂಗಳುಗಟ್ಟಲೆ ಉಳಿಯುತ್ತೆ. ಬಸುರಿಯಲ್ಲಿ ಮೊದಲ ಸಲ ಅಂಟಿದರೆ ಮಗುವಿನ ಕಣ್ಣು, ಮಿದುಳಿಗೆ ತೊಂದರೆ. ಅದಕ್ಕೆ ಸೋಡಾ, ವಿನೆಗರ್, ಕ್ಲೋರಿನ್ ಯಾವುದೂ ಆಗಿಬರಲ್ಲ. ಉಜ್ಜಿ ಕೆಡವಬೇಕು, ಸಿಪ್ಪೆ ತೆಗೀಬೇಕು, ಇಲ್ಲ ಬೇಯಿಸಬೇಕು. ಬಸುರಿ ಇರುವ ಮನೆಯಲ್ಲಿ ತೋಟದ ಸೊಪ್ಪನ್ನು ಬೇಯಿಸಿಯೇ ಕೊಡಿ ಅಂತ ನನ್ನ ಮಾತು. ಮಣ್ಣು ಮುಟ್ಟುವಾಗ ಅವರ ಕೈಗೆ ಗ್ಲೌಸ್ ಇರಲಿ.

ಬಾಣಲೆ: ಕ್ಲೋರಿನ್ ಮಾತು ಬಂತಲ್ಲ, ನಾವು ಬಳಸ್ತೀವಿ. ನೂರಕ್ಕೆ 5 ಪಾಲಿನ, ಪರಿಮಳ ಇಲ್ಲದ ಹೈಪೊಕ್ಲೋರೈಟ್ ದ್ರಾವಣ, ಲೀಟರ್ ನೀರಿಗೆ 1 ಮಿಲಿ. ಆಗ ಲೀಟರ್‌ಗೆ 50 ಮಿಲಿಗ್ರಾಂ ಕ್ಲೋರಿನ್ ಸಿಗುತ್ತೆ. ಮಣ್ಣು ಹೋಗುವಷ್ಟು ತೊಳೆದ ಮೇಲೆ ಐದು ನಿಮಿಷ ಇಟ್ಟು, ಕುಡಿಯುವ ನೀರಲ್ಲಿ ಜಾಲಿಸ್ತೀವಿ. ಮಣ್ಣಿರುವಾಗಲೇ ಹಾಕಿದರೆ ಕ್ಲೋರಿನ್ ಮಣ್ಣಿಗೇ ಖರ್ಚಾಗಿಬಿಡುತ್ತೆ.

ಲ್ಯಾಬ್‌ಕೋಟು: ಅಳತೆಗೆ ಸಿರಿಂಜ್, ಕ್ಲೋರಿನ್ ಪರೀಕ್ಷೆಗೆ ಕಾಗದದ ಪಟ್ಟಿ ಇರುವ ಅಡುಗೆಮನೆಗೆ ಅದು ಸರಿ. ಮನೆಯಲ್ಲಿ ಬಟ್ಟೆಗೆ ಹಾಕುವ ಬಾಟಲಿ ಎತ್ತಿ ಅಂದಾಜಿನ ಮೇಲೆ ಸುರಿಯೋದು ನನಗೆ ಒಪ್ಪಿಗೆಯಿಲ್ಲ. ತರಕಾರಿಗೆ ಅಂತಲೇ ಲೇಬಲ್ ಇದ್ದರೆ ಮಾತ್ರ, ಅದರಲ್ಲಿ ಬರೆದಷ್ಟೇ. ವಿನೆಗರ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಬರುತ್ತೆ.

ಬಾಣಲೆ: ಲೇಬಲ್ ಓದುವವರಿಗೆ ಅಳತೆಯೂ ಬರುತ್ತೆ ಅಂತ ನನ್ನ ನಂಬಿಕೆ. ಇರಲಿ, ಇದರಲ್ಲಿ ನಾವಿಬ್ಬರೂ ಒಪ್ಪೋದಿಲ್ಲ.

ಲ್ಯಾಬ್‌ಕೋಟು: ಎಷ್ಟೇ ಚೆನ್ನಾಗಿ ತೊಳೆದರೂ ಲೆಕ್ಕ ಇದು: ಸಾವಿರ ಇದ್ದದ್ದು ನೂರಾಗುತ್ತೆ, ಹೆಚ್ಚೆಂದರೆ ಹತ್ತಾಗುತ್ತೆ, ಸೊನ್ನೆ ಆಗೋದಿಲ್ಲ. ಸೊನ್ನೆಯ ಹತ್ತಿರ ತರೋದು ಬೆಂಕಿ ಮಾತ್ರ. ಅದಕ್ಕೇ ಮೊಳಕೆಕಾಳು ಹಸಿಯಾಗಿ ಬೇಡವೇ ಬೇಡ. ಕೊಳೆ ಬೀಜದ ಬಿರುಕಲ್ಲೇ ಕೂತಿರುತ್ತೆ, ಮೊಳಕೆ ಬರಿಸುವ ತೇವ, ಬೆಚ್ಚಗೆ ಅದಕ್ಕೂ ಹಬ್ಬ. ಆವಿ ಹೊರಡುವಷ್ಟು ಬಿಸಿಯಾಗಿ ಬೇಯಿಸಿ ತಿನ್ನಿ.

ಕೇಳಿದವರು: ಕ್ಯಾರೆಟ್, ಸೌತೆಕಾಯಿ ಕತ್ತರಿಸಿ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿ ಮೂರು ದಿನ ಇಟ್ಟು ತಿನ್ನಬಹುದಾ? ಆಫೀಸಿಗೆ ಒಯ್ಯೋಕೆ ಸುಲಭ. ಬೀದಿಬದಿ ತಿಂಡಿಗೂ ಉತ್ತರ ಬರಲಿಲ್ಲ.

ಲ್ಯಾಬ್‌ಕೋಟು: ಮೂರು ದಿನ ಬೇಡ. ಕಾಯಿಲೆ ತರುವ ಹೆಚ್ಚಿನ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲಿ ಮಲಗುತ್ತೆ, ಲಿಸ್ಟೀರಿಯಾ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತೆ. ಬೆಳಿಗ್ಗೆ ಕತ್ತರಿಸಿದ್ದು ಅವತ್ತೇ ಮುಗೀಲಿ. ಹೊರಗೆ ಎರಡು ಗಂಟೆ, ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಆಫೀಸಿಗಾದರೆ ತೊಳೆದು ಒಣಗಿಸಿದ ಇಡೀ ಸೌತೆಕಾಯಿ, ಒಂದು ಶುದ್ಧ ಚಾಕು ಒಯ್ಯಿರಿ. ಕತ್ತರಿಸದ ತನಕ ಸಿಪ್ಪೆಯೇ ಕಾವಲು.

ಬಾಣಲೆ: ಬೀದಿಬದಿಯಲ್ಲಿ ನಾನು ಅಂಗಡಿ ನೋಡಲ್ಲ, ಕೊನೆಯ ಕೆಲಸ ಏನು ಅಂತ ನೋಡ್ತೀನಿ. ಕುದಿಯುವ ಎಣ್ಣೆಯಿಂದ ನಿಮ್ಮ ಕಣ್ಣೆದುರು ಎತ್ತಿ, ಚಿಮಟದಲ್ಲಿ ಹಿಡಿದು ಕಾಗದಕ್ಕೆ ಹಾಕಿಕೊಟ್ಟರೆ ಕೊನೆಯ ಕೆಲಸ ಬೆಂಕಿಯದು. ಕೈಗೆ ಬಿಸಿ ತಾಗುವ ಹಾಗಿರುವಾಗ, ಒಳಗೂ ಹಸಿಯಿಲ್ಲ ಅಂತ ಮುರಿದು ನೋಡಿ ತಿನ್ನಿ. ಅದೇ ತಿಂಡಿಯ ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ಬಕೆಟ್ಟಿನಿಂದ ತೆಗೆದ ನೀರುನೀರು ಚಟ್ನಿ ಬಿತ್ತು ಅಂದರೆ ಬೆಂಕಿ ಮಾಡಿದ ಕೆಲಸ ಅಲ್ಲಿಗೇ ಅಳಿಸಿತು. "ಮೇಲೆ ಏನೂ ಹಾಕಬೇಡಿ" ಅನ್ನೋದನ್ನು ಮೊದಲೇ ಹೇಳಿ. ಹಣ ಎಣಿಸಿದ ಕೈಯೇ ತಿಂಡಿ ಎತ್ತುತ್ತಾ, ತಟ್ಟೆ ಒಂದೇ ಬಕೆಟ್ಟಿನಲ್ಲಿ ಅದ್ದಿ ಬರುತ್ತಾ ನೋಡಿಕೊಳ್ಳಿ. ಮಧ್ಯಾಹ್ನ ಕರಿದು ರಾಶಿ ಹಾಕಿ ಸಂಜೆ ಎಣ್ಣೆ ತೋರಿಸೋದು ಮೋಸ, ಹೊರಗೆ ಗರಿಗರಿ, ಒಳಗೆ ಉಗುರು ಬೆಚ್ಚಗೆ. ಬೆಚ್ಚಗೆ ಕೂತ ಅನ್ನದ ತಿಂಡಿ ಅದಕ್ಕಿಂತ ಕೆಟ್ಟದ್ದು, ಅದರಲ್ಲಿ ಹುಟ್ಟುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ.

ನೆಲ್ಲಿಕಾಯಿಯವರು ಹೇಳಿದ ಜ್ಯೂಸ್ ನನ್ನ ಪಟ್ಟಿಯಲ್ಲಿ ಬಿಡಬೇಕಾದ್ದರಲ್ಲಿ ಮೊದಲನೇದು. ತೊಳೆಯದ ಸಿಪ್ಪೆ, ದಿನವಿಡೀ ತೊಳೆಯದ ಜಾರ್, ಎಲ್ಲಿಯದೋ ನೀರಿನ ಐಸ್. ಹೆಪ್ಪುಗಟ್ಟಿದರೆ ಕ್ರಿಮಿ ಸಾಯಲ್ಲ. ಹೆಚ್ಚಿಟ್ಟ ಹಣ್ಣಿಗೂ ಇದೇ ಮಾತು. ಬಾಳೆಹಣ್ಣು ಕೊಂಡು ನೀವೇ ಸುಲಿದು ತಿನ್ನಿ.

ನೆಲ್ಲಿಕಾಯಿ: ಐಸ್ ಇಲ್ಲದೆ ಕೊಡಿ ಅಂದರೆ?

ಲ್ಯಾಬ್‌ಕೋಟು: ಜಾರ್ ಅದೇ, ನೀರು ಅದೇ. ಹೊಲಸು ಸೇರಿದ ನೀರಲ್ಲಿ ಬರುವ ಹೆಪಟೈಟಿಸ್ ಇ ಬೇರೆಯವರಲ್ಲಿ ಸಾಮಾನ್ಯವಾಗಿ ತಾನೇ ವಾಸಿಯಾಗುವ ಕಾಮಾಲೆ, ಕೊನೆಯ ಮೂರು ತಿಂಗಳ ಬಸುರಿಯಲ್ಲಿ ಪ್ರಾಣ ತೆಗೆಯುವಂಥದ್ದು. ಮನೆಯಲ್ಲಿ ತರಕಾರಿ ಜಾಲಿಸುವ ಕೊನೆಯ ನೀರೂ ಅನುಮಾನ ಇದ್ದರೆ ಒಂದು ನಿಮಿಷ ಕುದಿಸಿ ಆರಿಸಿದ್ದಾಗಿರಲಿ.

ಕೇಳಿದವರು: ನಿನ್ನೆ ಸಂಜೆ ಹೊರಗೆ ಹೆಚ್ಚಿಟ್ಟ ಹಣ್ಣು ತಿಂದೆ, ಹೇಳಬಾರದು ಅಂತಿದ್ದೆ. ಇವತ್ತು ನಾಲ್ಕು ಸಲ ಭೇದಿ. ಜ್ವರ ಇಲ್ಲ.

ಲ್ಯಾಬ್‌ಕೋಟು: ಈಗಲೇ ಓಆರ್‌ಎಸ್ ಶುರು ಮಾಡಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮ ಮಾಡಿ. ಗುಟುಕು ಗುಟುಕಾಗಿ, ಪ್ರತಿ ಭೇದಿಯ ನಂತರ ಒಂದು ಲೋಟ. ಭೇದಿ ನಿಲ್ಲಿಸುವ ಮಾತ್ರೆ, ಆಂಟಿಬಯೋಟಿಕ್ ನೀವೇ ತಗೋಬೇಡಿ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಜ್ವರ 38 ಡಿಗ್ರಿ ಮುಟ್ಟಿದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿದದ್ದು ನಿಲ್ಲದಿದ್ದರೆ, ಮೂತ್ರ ತೀರಾ ಕಮ್ಮಿಯಾಗಿ ಕಡು ಬಣ್ಣಕ್ಕೆ ತಿರುಗಿದರೆ, ಹೊಟ್ಟೆ ಬಿಗಿದು ಬಿಗಿದು ಬಂದರೆ, ರಕ್ತಸ್ರಾವವಾದರೆ ಅಥವಾ ಗೊತ್ತಾಗುತ್ತಿದ್ದ ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ ಫೋನ್ ಸಾಲದು, ಆಸ್ಪತ್ರೆಗೆ ಹೋಗಿ.

ನಿನ್ನೆಯ ತಾರೀಖು, ತಿಂದ ಹಣ್ಣು ಒಂದು ಚೀಟಿಯಲ್ಲಿ ಬರೆದಿಡಿ. ಇವತ್ತಿನ ಭೇದಿ ಬೇರೆ ಯಾವುದೋ ಕ್ರಿಮಿಯದ್ದಿರಬಹುದು. ಲಿಸ್ಟೀರಿಯಾ ಮೈಗೆ ಹರಡಿದರೆ ಹೆಚ್ಚಾಗಿ ವಾರಗಳ ನಂತರ, ಕೆಲವೊಮ್ಮೆ ಎರಡು ತಿಂಗಳು ಕಳೆದು, ಫ್ಲೂ ಥರ ಸಣ್ಣ ಜ್ವರ, ಮೈಕೈ ನೋವಾಗಿ ಬರುತ್ತೆ. ಆಗ ಈ ಹಣ್ಣು ಯಾರಿಗೂ ನೆನಪಿರಲ್ಲ, ಡಾಕ್ಟರಿಗೆ ಆ ಚೀಟಿ ತೋರಿಸಿದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಬೇಕು ಅಂತ ಅವರಿಗೆ ಹೊಳೆಯುತ್ತೆ.